ಶನಿವಾರದ ಕಾಲುಗಳು

ಶಾಲೆಯ ಟೈಮ್‌ಟೇಬಲಿನಲ್ಲಿ ಡ್ರಿಲ್ಲಿಗೆ ಸಿಗುವುದು ಶನಿವಾರದ ಕೊನೆಯ ಪಿರಿಯಡ್ಡು. ಇನ್‌ಸ್ಪೆಕ್ಟರು ಬಂದರೆ ಅದು ರದ್ದು, ಯಾರೋ ಪುಢಾರಿ ಭಾಷಣಕ್ಕೆ ಬಂದರೆ ರದ್ದು, ಗಣಿತದ ಮಾಸ್ತರರ ಪಾಠ ಹಿಂದೆ ಬಿದ್ದಿದ್ದರೆ ಅಂತೂ ಕೇಳುವುದೇ ಬೇಡ. ಅರವತ್ತರ ದಶಕದ ನಡುವಿನಲ್ಲಿ ನಾನು ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಈ ಅನ್ಯಾಯದ ಬಗ್ಗೆ ಸ್ಟಾಫ್ ರೂಮಿನಲ್ಲಿ ದಿನಾ ಕೂಗಾಡುತ್ತಿದ್ದೆ. ವಾರಕ್ಕೊಮ್ಮೆ ಕಲಿಸಿದ್ದು ಯಾವ ಹುಡುಗನ ಮೈಯಲ್ಲಿ ಉಳಿಯುತ್ತದೆ ಎಂಬುದು ನನ್ನ ವಾದ. ಇದೇ ಅನ್ಯಾಯವನ್ನು ನಾನೇ ನನ್ನ ಎರಡು ಕಾಲುಗಳಿಗೆ ಮಾಡುತ್ತಿದ್ದೇನೆ ಎಂಬುದು ತಲೆಗೆ ಹೊಳೆಯಲು ಮಾತ್ರ ಎರಡೂವರೆ ತಿಂಗಳು ಬೇಕಾಯಿತು.

ನನ್ನ ನೌಕರಿ ಹಂಗಾಮಿಯದು. ಕಾಯಂ ಆಗಬೇಕಾದರೆ ವ್ಯಾಯಾಮ ಶಿಕ್ಷಕರ ತರಬೇತಿಗೆ ಆಯ್ಕೆಯಾಗಬೇಕು, ಅದಕ್ಕೆ ಏಪ್ರಿಲ್ ತಿಂಗಳಲ್ಲಿ ಕುಮಟೆಯ ಮೈದಾನದಲ್ಲಿ ಮೈಪರೀಕ್ಷೆ. ನೂರು ಗಜ ಓಟ, ಉದ್ದಜಿಗಿತ, ಗುಂಡು ಎಸೆತ, ಅಡ್ಡ ಕಟ್ಟಿದ ಕಬ್ಬಿಣದ ಬಾರಿಗೆ ಜೋತು ಗದ್ದ ಮೇಲೇರುವಂತೆ ಮೈ ಎಳೆದುಕೊಳ್ಳುವುದು, ಕೊನೆಗೆ ಒಬ್ಬ ಆಳನ್ನು ಬೆನ್ನ ಮೇಲೆ ಹೊತ್ತು ನೂರು ಗಜ ನಡೆಯುವುದು. ಎಲ್ಲವೂ ಒಂದೇ ದಿನ. ಫೇಲಾದರೆ ಜೂನ್ ತಿಂಗಳಲ್ಲಿ ನನ್ನ ಸೀಟಿ ಬೇರೊಬ್ಬನ ಕೊರಳಿಗೆ. ಹೆಡ್‌ಮಾಸ್ತರರು ಇದನ್ನು ಬಹಳ ಪ್ರೀತಿಯಿಂದಲೇ ಹೇಳಿದ್ದರು. ಪ್ರೀತಿಯಿಂದ ಹೇಳಿದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಗಿತ್ತು.

ಮೈ ಗಟ್ಟಿ ಮಾಡಿಕೊಳ್ಳಲು ಊರಲ್ಲಿ ಇದ್ದದ್ದು ಒಂದೇ ಜಾಗ, ಹೊಳೆಯ ಕಡೆಗಿನ ತಾಲೀಮು ಮನೆ. ಒಂದೇ ಕೋಣೆ. ಅರ್ಧದಲ್ಲಿ ಕುಸ್ತಿಯ ಕೆಮ್ಮಣ್ಣು, ಇನ್ನರ್ಧದಲ್ಲಿ ಒಂದು ಕಬ್ಬಿಣದ ಸಲಾಕೆ, ಅದಕ್ಕೆ ಸಿಕ್ಕಿಸುವ ತೂಕದ ಬಿಲ್ಲೆಗಳು, ಗೋಡೆಯಿಂದ ಗೋಡೆಗೆ ಒಂದು ಬಾರು, ಮೂಲೆಯಲ್ಲಿ ಮಾರುತಿ. ಕೋಣೆ ಚಿಕ್ಕದಾದ್ದರಿಂದ ಸೋಮವಾರ, ಬುಧವಾರ, ಶುಕ್ರವಾರ ಕುಸ್ತಿಯವರಿಗೆ. ಮಂಗಳವಾರ, ಗುರುವಾರ, ಶನಿವಾರ ಕಬ್ಬಿಣದವರಿಗೆ. ಬೆಳಿಗ್ಗೆ ಐದೂವರೆಯಿಂದ ಏಳು. ಹಾಗಾಗಿ ನನಗೆ ಸಿಗುತ್ತಿದ್ದದ್ದು ವಾರಕ್ಕೆ ಮೂರು ದಿನ, ಹೆಚ್ಚಿಗೆ ಒಂದು ದಿನ ಕೇಳಿದರೂ ಸಿಗುವಂತಿರಲಿಲ್ಲ.

ಅಲ್ಲಿ ತಾಲೀಮು ಕಲಿಸುವ ವಸ್ತಾದರು ಅರವತ್ತು ದಾಟಿದವರು. ಪ್ರಾಯದಲ್ಲಿ ಜನರನ್ನು ಶರಾವತಿ ದಾಟಿಸುವ ತಾರಿಯಲ್ಲಿ ದೋಣಿ ನಡೆಸಿದವರು, ಕುಸ್ತಿಯನ್ನೂ ಆಡಿದವರು. ಮಾತು ಕಡಿಮೆ, ಹಟ ಜಾಸ್ತಿ. ಅವರ ಕ್ರಮ ಒಂದೇ. ಬಂದ ದಿನವೆಲ್ಲ ಇಡೀ ಮೈಗೆ ಕೆಲಸ: ಸಲಾಕೆ ಹೆಗಲಿಗಿಟ್ಟು ಬಸ್ಕಿ, ನಿಂತು ತಲೆಯ ಮೇಲಕ್ಕೆ ಎತ್ತುವುದು, ಬಾರಿಗೆ ಜೋತು ಎಳೆಯುವುದು. ಮಳೆಗಾಲವಿಡೀ ಅದನ್ನೇ ಮಾಡಿದೆ. ಮೈ ಸುಧಾರಿಸುತ್ತಿತ್ತು, ಆದರೆ ನನಗೆ ಬೇಸರ ಬಂದಿತ್ತು. ಮಾಸ್ತರ ಅನ್ನಿಸಿಕೊಂಡವನಿಗೆ ಒಂದು ಸಿಲಬಸ್ಸು ಬೇಡವೇ? ದಿನಾ ಅದೇ ಮೂರು ಪಾಠ!

ಆಗ ಬಂದವನು ಭಟ್ಕಳದ ಗೆಳೆಯ. ಮುಂಬಯಿಯಲ್ಲಿ ಆರು ವರ್ಷ ಇದ್ದು, ಹೊನ್ನಾವರದಲ್ಲಿ ಸೋದರಮಾವನ ಬಟ್ಟೆ ಅಂಗಡಿ ನೋಡಿಕೊಳ್ಳಲು ಬಂದಿದ್ದ. ಅವನ ತೋಳು ಕಂಡು ತಾಲೀಮು ಮನೆಯವರೆಲ್ಲ ತಮ್ಮ ತಮ್ಮ ತೋಳು ಮುಟ್ಟಿ ನೋಡಿಕೊಂಡಿದ್ದರು. ಅಂಗಿಯ ಬಟ್ಟೆಯನ್ನು ಅವನು ಬೇರೆಯವರಿಗಿಂತ ಕಾಲು ಗಜ ಹೆಚ್ಚಿಗೆ ತೆಗೆದುಕೊಳ್ಳುತ್ತಿದ್ದ.

“ಅರೆ ಮಾಸ್ತರ್, ದಿನಾ ಎಲ್ಲಾ ಮಾಡುದಾ? ಮುಂಬಯಲ್ಲಿ ಹಂಗೆ ಯಾರೂ ಮಾಡುದಿಲ್ಲ,” ಎಂದ. “ಒಂದಿನ ತಳ್ಳೂ ಕೆಲ್ಸ, ಎದೆ, ಭುಜ, ತೋಳಿನ ಹಿಂದಿನ ಬದಿ. ಒಂದಿನ ಎಳಿಯೂ ಕೆಲ್ಸ, ಬೆನ್ನು, ತೋಳಿನ ಮುಂದಿನ ಬದಿ. ಒಂದಿನ ಕಾಲು. ಬಸ್. ನಿಮ್ಗೆ ಮೂರು ದಿನ ಉಂಟು, ಪಾಠನೂ ಮೂರು. ಹಿಸಾಬ್ ಬರಾಬರ್!”

ಲೆಕ್ಕ ಅಷ್ಟು ಚೆನ್ನಾಗಿ ಕೂತದ್ದು ಕಂಡು ನಾನು ಮರುಳಾದೆ. ಮೂರು ದಿನ, ಮೂರು ಪಾಠ. ಆ ರಾತ್ರಿಯೇ ರೂಲುಪಟ್ಟಿ ಹಿಡಿದು, ಕೆಂಪು ಶಾಯಿಯಲ್ಲಿ ಗೆರೆ ಎಳೆದು ಟೈಮ್‌ಟೇಬಲು ಬರೆದೆ. ಮಂಗಳವಾರ ತಳ್ಳುವುದು, ಗುರುವಾರ ಎಳೆಯುವುದು, ಶನಿವಾರ ಕಾಲು. ವಸ್ತಾದರಿಗೆ ಓದಿ ತೋರಿಸಿದಾಗ ಅವರು ಕಾಗದವನ್ನು ಒಂದು ಸಲ ನೋಡಿ, ಇನ್ನೊಂದು ಸಲ ನನ್ನನ್ನು ನೋಡಿದರು.

“ದೋಣಿ ಹೊಡೆಯೂಕೆ ಹೋದವ ಇವತ್ತು ಕೈ ಮಾತ್ರ, ಕಾಲು ಶನಿವಾರಕ್ಕೆ ಅಂದ್ರೆ ದೋಣಿ ಎಲ್ಲಿ ಮುಟ್ತದೆ ಮಾಸ್ತರ್ರೆ?” ಎಂದರು. ನಾನು ಮುಂಬಯಿ, ವಿಜ್ಞಾನ, ವಿಶ್ರಾಂತಿ ಎಂದೆಲ್ಲ ಹೇಳಿದೆ. “ಆತು, ಮಾಡಿ ನೋಡಿ,” ಎಂದು ಎದ್ದು ಹೋದರು. ನಾನು ಗೆದ್ದೆನೆಂದೇ ತಿಳಿದೆ.

ಈಗ ಶನಿವಾರದ ಸಂಗತಿ ಹೇಳಬೇಕು. ಶನಿವಾರ ಮಾರುತಿಯ ದಿನ. ತಾಲೀಮು ಮನೆಯಲ್ಲಿ ಆರು ಗಂಟೆಗೆ ಸರಿಯಾಗಿ ಪೂಜೆ. ವಸ್ತಾದರು ಬುಟ್ಟಿಯಲ್ಲಿ ಕೆಂಪು ದಾಸವಾಳ ತರುತ್ತಿದ್ದರು. ಕುಸ್ತಿಯವರೂ ಬರುತ್ತಿದ್ದರು. ಎಣ್ಣೆ, ಕುಂಕುಮ, ಆರತಿ, ಅವಲಕ್ಕಿ ಪಂಚಕಜ್ಜಾಯ. ಆರತಿಯಾದ ಮೇಲೆ ಆ ದಿನ ಕಬ್ಬಿಣಕ್ಕೂ ರಜೆ, ಯಾರೂ ಮುಟ್ಟುವಂತಿಲ್ಲ. ಇದು ಇಪ್ಪತ್ತು ವರ್ಷಗಳಿಂದ ಬಂದ ಪದ್ಧತಿ, ನನಗೂ ಚೆನ್ನಾಗಿ ಗೊತ್ತಿದ್ದದ್ದೇ. ಮೊದಲು ಇಡೀ ಮೈಯ ಕ್ರಮ ನಡೆಯುತ್ತಿದ್ದಾಗ ಶನಿವಾರ ಮೊಟಕಾದರೂ ಏನೂ ಅನ್ನಿಸುತ್ತಿರಲಿಲ್ಲ. ಮಂಗಳವಾರ, ಗುರುವಾರ ಎಲ್ಲವೂ ಆಗಿರುತ್ತಿತ್ತಲ್ಲ. ಈಗ ಕಾಲುಗಳ ಇಡೀ ಸಂಸಾರ ನಿಂತಿದ್ದದ್ದು ಆ ಶನಿವಾರದ ಅರ್ಧ ಗಂಟೆಯ ಮೇಲೆ. ಅದರಲ್ಲೂ ಕಾಲು ಗಂಟೆ ನೆಲ ಗುಡಿಸಿ, ಬಿಲ್ಲೆ ಒರೆಸುವುದಕ್ಕೆ. ನಾಲ್ಕು ಬಸ್ಕಿ ಹೊಡೆಯುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಸಲಾಕೆ ಇಳಿಸಿ ಕೈಮುಗಿದು ನಿಲ್ಲುತ್ತಿದ್ದೆ, ಪಂಚಕಜ್ಜಾಯ ರುಚಿಯಾಗಿರುತ್ತಿತ್ತು, ಕಾಲುಗಳ ನೆನಪು ಹಾರಿಹೋಗುತ್ತಿತ್ತು. ಗೆಳೆಯ ಮಾತ್ರ ಪೂಜೆಯ ಹೊತ್ತಿಗೆ ಹೊರಗಿನ ಜಗುಲಿಯಲ್ಲಿ ಕೂತು, ಪ್ರಸಾದದ ಬಾಳೆಹಣ್ಣು ಬರುವ ದಾರಿ ಕಾಯುತ್ತಿದ್ದ.

ಒಂದು ಶನಿವಾರ ವಸ್ತಾದರು ಯಾವುದೋ ಮದುವೆಗೆಂದು ತೆಂಗಿನಗುಂಡಿಗೆ ಹೋದರು, ಪೂಜೆ ಸಂಜೆಗೆ ಮುಂದೆ ಹೋಯಿತು. ಸಿಕ್ಕಿದ್ದೇ ಸೀರುಂಡೆ ಎಂದು ಒಂದೂವರೆ ಗಂಟೆ ಕಾಲಿಗೇ ದುಡಿದೆ. ಹಿಂದಿನ ವಾರಗಳ ಬಾಕಿಯನ್ನೆಲ್ಲ ಸೇರಿಸಿ ಬಸ್ಕಿ ಹೊಡೆದೆ. ಭಾನುವಾರ ಏಳುವಾಗ ತೊಡೆ ಎರಡೂ ನನ್ನವಲ್ಲ. ಸೋಮವಾರ ಶಾಲೆಯ ಮೆಟ್ಟಿಲನ್ನು ಹಿಂದುಮುಂದಾಗಿ, ಕಟಾಂಜನ ಹಿಡಿದುಕೊಂಡು ಇಳಿದೆ. ಎಂಟನೇ ಇಯತ್ತೆಯ ಹುಡುಗರು ಅದನ್ನೊಂದು ಹೊಸ ಡ್ರಿಲ್ಲೆಂದು ತಿಳಿದು ನನ್ನ ಹಿಂದೆಯೇ ಸಾಲಾಗಿ ಹಾಗೆಯೇ ಇಳಿದರು. ಹೆಡ್‌ಮಾಸ್ತರರು ಕಿಟಕಿಯಿಂದ ನೋಡಿ ಕನ್ನಡಕ ಒರೆಸಿಕೊಂಡರು.

ನಾನು ಮಾತ್ರ ಸಂತೋಷವಾಗಿದ್ದೆ. ನೋವಿದೆ ಎಂದರೆ ಮೈ ಬೆಳೆಯುತ್ತಿದೆ ಎಂದರ್ಥ ಎಂದು ನಂಬಿದ್ದೆ. ವಾರಕ್ಕೊಮ್ಮೆಯೂ ನೆಟ್ಟಗೆ ಕೆಲಸ ಕಾಣದ ಕಾಲಿಗೆ ಒಮ್ಮೆಲೇ ಹೊರೆ ಹೊರಿಸಿದರೆ ಹಾಗೆಯೇ ನೋಯುತ್ತದೆ, ಅದರಿಂದ ಬಲ ಬಂತೆಂದೇನೂ ಅಲ್ಲ ಎಂದು ಆಗ ನನಗೆ ಗೊತ್ತಿರಲಿಲ್ಲ.

ಜನವರಿಯ ನಡುವಿನಲ್ಲಿ ವಸ್ತಾದರು ತಾವಾಗಿಯೇ ಹೇಳಿದರು: “ಪರೀಕ್ಷೆಲಿ ಆಳು ಹೊರೂದು ಉಂಟಲ್ಲ? ನನ್ನ ಹೊತ್ಕಂಡು ತಾರಿ ಕಟ್ಟೆವರೆಗೆ ನಡೀರಿ ಕಾಂಬ.”

ದೋಣಿ ನಿಲ್ಲುವ ಆ ಕಟ್ಟೆಗೆ ಸುಮಾರು ನೂರು ಗಜದ ದಾರಿ. ಎದೆ ಉಬ್ಬಿಸಿ ಅವರನ್ನು ಬೆನ್ನಿಗೇರಿಸಿಕೊಂಡೆ. ಭುಜ ಗಟ್ಟಿಯಾಗಿತ್ತು, ಕೈ ಗಟ್ಟಿಯಾಗಿತ್ತು. ಇಪ್ಪತ್ತೈದನೆಯ ಹೆಜ್ಜೆಗೆ ಮೊಣಕಾಲು ಗಡಗಡ ನಡುಗಿತು, ನಲವತ್ತಕ್ಕೆ ದಾರಿಯ ಮೇಲೇ ಕುಕ್ಕರಿಸಿದೆ. ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿದಳು. ಅವಳ ತಲೆಯ ಮೇಲೆ ನಾನು ಎತ್ತುವ ಬಿಲ್ಲೆಗಳಿಗಿಂತ ಹೆಚ್ಚು ಭಾರ ಇದ್ದಿರಬೇಕು.

“ಎಂತ ಆತು ಮಾಸ್ತರ್ರಿಗೆ? ಮೇಲೆ ಪೈಲ್ವಾನ, ಕೆಳಗೆ ಬಾಣಂತಿ!” ಎಂದು ನಗುತ್ತ ಹೋದಳು.

ವಸ್ತಾದರು ನಗಲಿಲ್ಲ. ಮಣ್ಣು ಕೊಡವಿಕೊಂಡು ನನ್ನ ಪಕ್ಕದಲ್ಲಿ ನೆಲದ ಮೇಲೇ ಕೂತರು. ನನಗೆ ನಾಚಿಕೆಗಿಂತ ಹೆದರಿಕೆ ಹೆಚ್ಚಾಗಿತ್ತು. ಪರೀಕ್ಷೆಗೆ ಉಳಿದದ್ದು ಹತ್ತು ಹನ್ನೊಂದು ವಾರ. ನನ್ನ ಸೀಟಿ ಇನ್ನೊಬ್ಬನ ಕೊರಳಲ್ಲಿ ತೂಗುವುದು ಕಣ್ಣಿಗೆ ಕಟ್ಟಿತು.

ಅವತ್ತೇ ತಾಲೀಮು ಮನೆಯ ಗೋಡೆಯ ಮುಂದೆ ಗೆಳೆಯನೂ ಸೇರಿ ಮೂವರೂ ಕೂತೆವು. ನನ್ನ ಕಿಸೆಯಲ್ಲಿ ಸೀಮೆಸುಣ್ಣ ಯಾವಾಗಲೂ ಇರುತ್ತಿತ್ತು. ಮೊದಲು ನನ್ನ ಕೆಂಪು ಶಾಯಿಯ ಟೈಮ್‌ಟೇಬಲನ್ನೇ ಗೋಡೆಯ ಮೇಲೆ ಬರೆದೆ. ಹತ್ತು ಶನಿವಾರಗಳಲ್ಲಿ ಕಾಲಿನ ಪಾಠ ಪೂರ್ತಿಯಾದದ್ದು ಒಂದೇ ಒಂದು. ಬರೆಯುತ್ತಿದ್ದಂತೆ ನನ್ನ ಕೈ ನಿಂತಿತು. ಶನಿವಾರ, ವಾರಕ್ಕೊಂದೇ ಪಿರಿಯಡ್ಡು, ಪೂಜೆ ಬಂದರೆ ರದ್ದು. ಇದು ಡ್ರಿಲ್ಲಿನದೇ ಟೈಮ್‌ಟೇಬಲು! ಸ್ಟಾಫ್ ರೂಮಿನಲ್ಲಿ ಯಾರನ್ನು ಬೈಯುತ್ತಿದ್ದೆನೋ ಆ ಹೆಡ್‌ಮಾಸ್ತರ ನಾನೇ ಆಗಿದ್ದೆ.

ಗೆಳೆಯ ಗೋಡೆಯನ್ನು ನೋಡುತ್ತ ತಲೆ ಕೆರೆದುಕೊಂಡ. “ತಪ್ಪು ನಂದೂ ಉಂಟು ಮಾಸ್ತರ್. ಮುಂಬಯಲ್ಲಿ ನಾನು ಹೋಗ್ತಿದ್ದದ್ದು ವಾರಕ್ಕೆ ಆರು ದಿನ. ಮೂರು ಪಾಠ ಎರಡು ಸುತ್ತು ಬರ್ತಿತ್ತು. ಕಾಲು ವಾರಕ್ಕೆ ಎರಡು ಸಲ ಆಗ್ತಿತ್ತು. ಮೂರೇ ದಿನಕ್ಕೆ ಅದನ್ನ ತಂದ್ರೆ ಒಂದೊಂದಕ್ಕೆ ಒಂದೊಂದೇ ಸಲ. ಒಂದು ತಪ್ಪಿದ್ರೆ ಎರಡು ವಾರ ಉಪವಾಸ.”

“ಹಾಗಾದ್ರೆ ಕಾಲನ್ನ ಮಂಗಳವಾರಕ್ಕೆ ತರುವ,” ಎಂದೆ.

“ಆಗ ಶನಿವಾರಕ್ಕೆ ಎಳೆಯೂದು ಸಿಕ್ಕಿ ಬೀಳ್ತದೆ. ನೀವು ಬಾರಿಗೆ ಜೋತು ಬಾವಲಿ ಹಾಂಗೆ ನೇತಾಡ್ತಿರಿ, ಅಷ್ಟೆ,” ಎಂದರು ವಸ್ತಾದರು.

ಗೆಳೆಯ ಇನ್ನೊಂದು ದಾರಿ ಹೇಳಿದ. ಮೈಯನ್ನು ಸೊಂಟದಲ್ಲಿ ಎರಡು ಪಾಲು ಮಾಡುವುದು, ಒಂದು ದಿನ ಮೇಲಿನದು, ಒಂದು ದಿನ ಕೆಳಗಿನದು. ಮೂರು ದಿನವಾದ್ದರಿಂದ ಈ ವಾರ ಮೇಲೆ, ಕೆಳಗೆ, ಮೇಲೆ. ಬರುವ ವಾರ ಕೆಳಗೆ, ಮೇಲೆ, ಕೆಳಗೆ. ನಾನು ಬೆರಳು ಮಡಚಿ ಎಣಿಸಿದೆ. ಎರಡು ವಾರಕ್ಕೆ ಮೂರು ಸಲ ಕಾಲು. ವಾರಕ್ಕೆ ಒಂದೂವರೆ ಪಿರಿಯಡ್ಡು ಸಿಕ್ಕಿದಂತೆ. ಮೊದಲಿಗಿಂತ ಖಂಡಿತ ಮೇಲು. ಆದರೆ ಒಂದು ವಾರ ಬಿಟ್ಟು ಒಂದು ವಾರ ಕಾಲಿನ ಪಾಠ ಶನಿವಾರಕ್ಕೇ ಬಂದು ಬೀಳುತ್ತಿತ್ತು.

ವಸ್ತಾದರು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡರು. ಅವರು ಬರೆದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಕ್ಷರ ಬರುತ್ತಿರಲಿಲ್ಲ, ಮೂರು ದಿನಕ್ಕೆ ಮೂರು ಗೀಟು, ಪ್ರತಿ ಗೀಟಿನ ಕೆಳಗೆ ಮೂರು ಚುಕ್ಕೆ.

“ಮೂರು ದಿನವೂ ಮೂರೂ. ಕಾಲಿಗೊಂದು, ತಳ್ಳೂಕೊಂದು, ಎಳೆಯೂಕೊಂದು. ಒಂದಿನ ಪೂಜೆಗೆ ಹೋದ್ರೂ ಉಳ್ದ ಎರಡು ದಿನ ಎಲ್ಲದಕ್ಕೂ ಸಿಕ್ತು,” ಎಂದರು.

ಗೆಳೆಯ ಬಿಡಲಿಲ್ಲ. “ವಸ್ತಾದ್, ಒಂದೂವರೆ ಗಂಟೆಲಿ ಎಲ್ಲಾ ಮಾಡ್ಲಿಕ್ಕೆ ಹೋದ್ರೆ ಕೊನೇ ಕೆಲ್ಸಕ್ಕೆ ಜೀವನೇ ಇರೂದಿಲ್ಲ. ಅದೂ ನಿಜ ಅಲ್ದಾ?”

ಅದೂ ನಿಜವೇ ಆಗಿತ್ತು. ಬಂದ ದಿನವೆಲ್ಲ ಎಲ್ಲವನ್ನೂ ಸಾಯುವಷ್ಟು ಮಾಡಲಾಗದು. ಹೀಗಾಗಿ ಇಬ್ಬರೂ ಸೇರಿ ಒಂದು ಹದಕ್ಕೆ ತಂದರು. ಒಂದೊಂದು ದಿನ ಒಂದೊಂದು ಕೆಲಸ ಮೊದಲು, ಅದೇ ಆ ದಿನದ ಭಾರದ ಕೆಲಸ; ಉಳಿದೆರಡು ಹಗುರ. ಮಂಗಳವಾರ ಬಸ್ಕಿ ಮೊದಲು, ಗುರುವಾರ ಬಾರು ಮೊದಲು, ಶನಿವಾರ ತಲೆಯ ಮೇಲಕ್ಕೆತ್ತುವುದು ಮೊದಲು. ಒಂದೊಂದಕ್ಕೂ ನಡುವೆ ದಣಿವಾರಿಸಿಕೊಂಡು ಮೂರೇ ಸರದಿ, ಕೊನೆಯ ಸರದಿ ಮುಗಿದಾಗಲೂ ಇನ್ನೆರಡು ಸಲ ಮಾಡುವಷ್ಟು ಕಸುವು ಉಳಿದಿರಬೇಕು. ತೂಕವನ್ನು ವಾರವಾರ ಸ್ವಲ್ಪ ಸ್ವಲ್ಪವೇ ಏರಿಸಬೇಕು.

“ನೀನೂ ಇದನ್ನೇ ಮಾಡು ಹಾಗಾದ್ರೆ,” ಎಂದೆ ಗೆಳೆಯನಿಗೆ.

“ನಾನು ಹೊರೂ ಭಾರಕ್ಕೆ ವಾರಕ್ಕೆ ಮೂರು ಸಲ ಬಸ್ಕಿ ಹೊಡದ್ರೆ ಅಂಗಡಿ ಬಾಗ್ಲು ತೆಗೆಯೂಕೆ ಯಾರು? ನಂಗೆ ಮೇಲೆ-ಕೆಳಗೆ ಸಾಕು. ನೀವು ಹೊಸಬ್ರು, ನಿಮ್ಗೆ ಮೇಲಿಂದ ಮೇಲೆ ಅಭ್ಯಾಸ ಬೇಕು,” ಎಂದ. ಅವನು ಹೇಳಿದ್ದು ನ್ಯಾಯವಾಗಿತ್ತು. ಒಬ್ಬನಿಗೆ ಹೊಲಿದ ಅಂಗಿ ಇನ್ನೊಬ್ಬನಿಗೆ ಆಗುವುದಿಲ್ಲವೆಂದು ಬಟ್ಟೆ ಅಂಗಡಿಯವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೊದಲ ವಾರ ಸ್ವಲ್ಪ ನೋವಾಯಿತು, ಮೂರನೆಯ ವಾರದಿಂದ ಮೆಟ್ಟಿಲನ್ನು ಮನುಷ್ಯರಂತೆ ಇಳಿದೆ. ಹುಡುಗರಿಗೆ ನಿರಾಸೆಯಾಯಿತು. ಬಾರಿಗೆ ಜೋತು ಆರು ಸಲ ಎಳೆಯುತ್ತಿದ್ದವನು ಎಂಟಕ್ಕೆ ಬಂದೆ, ಮಾರ್ಚ್ ಕೊನೆಗೆ ಹತ್ತಕ್ಕೆ. ಒಂದೇ ತೊಡಕು ಶನಿವಾರದ್ದು. ಆ ದಿನ ಬಸ್ಕಿ ಕೊನೆಗೆ ಬರುತ್ತಿತ್ತು, ಆರು ಗಂಟೆಯೊಳಗೆ ಅದಕ್ಕೆ ಕೈ ಹಾಕುವುದೂ ಕಷ್ಟ. ಆದರೆ ಆ ವರ್ಷ ವಿಚಿತ್ರವೆಂಬಂತೆ ಪೂಜೆಯೇ ತಡವಾಗತೊಡಗಿತು. ಒಂದು ಶನಿವಾರ ವಸ್ತಾದರು ಆರೂವರೆಗೆ ಬಂದು, “ದಾಸವಾಳ ಸಿಕ್ಕಿದ್ದಿಲ್ಲ,” ಎಂದರು. ಮುಂದಿನ ಶನಿವಾರ ಬತ್ತಿಗೆ ಹತ್ತಿ ಇರಲಿಲ್ಲ. ಅದರ ಮುಂದಿನದು, “ನಿದ್ದೆ ಬಿಟ್ಟಿದ್ದಿಲ್ಲ.” ಇಪ್ಪತ್ತು ವರ್ಷ ಗಡಿಯಾರದಂತೆ ಬಂದವರು! ವಯಸ್ಸಾಯಿತು ಪಾಪ ಎಂದು ನಾವು ಮಾತಾಡಿಕೊಂಡೆವು. ಅವರು ಬರುವಷ್ಟರಲ್ಲಿ ನನ್ನ ಬಸ್ಕಿಯ ಮೂರು ಸರದಿಯೂ ಮುಗಿದಿರುತ್ತಿತ್ತು.

ಪರೀಕ್ಷೆಯ ದಿನ ಬೆಳಗಿನ ಬಸ್ಸಿಗೆ ಕುಮಟೆಗೆ ಹೋದೆ, ಜೊತೆಗೆ ಗೆಳೆಯನೂ ಅಂಗಡಿ ಬಿಟ್ಟು ಬಂದ. ಓಟ, ಜಿಗಿತ ಸಾಧಾರಣ. ಗುಂಡು ಚೆನ್ನಾಗಿ ಹೋಯಿತು. ಬಾರಿನಲ್ಲಿ ಹತ್ತು. ಮಧ್ಯಾಹ್ನದ ಬಿಸಿಲಿಗೆ ಆಳು ಹೊರುವ ಸರದಿ ಬಂತು. ನನ್ನ ಪಾಲಿಗೆ ಬಂದವನು ಬಾಡ ಎಂಬ ಊರಿನ ಕಡೆಯ ಒಬ್ಬ ಅಭ್ಯರ್ಥಿ, ಊಟ ತಿಂಡಿಯಲ್ಲಿ ಯಾವ ಕೊರತೆಯನ್ನೂ ಮಾಡಿಕೊಳ್ಳದವನು. ಇಪ್ಪತ್ತೈದು ಹೆಜ್ಜೆ ದಾಟಿತು. ನಲವತ್ತರಲ್ಲಿ ತಾರಿ ಕಟ್ಟೆಯ ದಾರಿ ನೆನಪಾಯಿತು. ಕಾಲು ನಡುಗಲಿಲ್ಲ. ಎಂಬತ್ತರಲ್ಲಿ ಉಸಿರು ಸಿಕ್ಕಿಕೊಂಡಿತು, ಕಾಲು ಮಾತ್ರ ನನ್ನನ್ನು ಕೇಳದೆ ತಮ್ಮಷ್ಟಕ್ಕೆ ನಡೆಯುತ್ತಲೇ ಇದ್ದವು. ಗೆರೆ ದಾಟಿ ಅವನನ್ನು ಇಳಿಸಿದಾಗ ಅವನೇ ನನಗಿಂತ ಹೆಚ್ಚು ಸುಸ್ತಾಗಿದ್ದ.

ಸಂಜೆ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ನನ್ನ ನಂಬರು ಕಂಡಾಗ ಗೆಳೆಯ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ವಾಪಸು ಬಸ್ಸಿನಲ್ಲಿ ಶೇಂಗಾ ತಿನ್ನುತ್ತ, ಆಡಿದ ಮಾತಿಗೇನೂ ತೂಕವಿಲ್ಲವೆಂಬಂತೆ ಹೇಳಿದ:

“ಮಾಸ್ತರ್, ವಸ್ತಾದರಿಗೆ ಶನಿವಾರ ನಿದ್ದೆಯೂ ಬಿಟ್ಟಿತ್ತು, ಹೂವೂ ಸಿಕ್ಕಿತ್ತು. ನಾನು ಅಂಗಡಿ ಕಡೆಯಿಂದ ಬರುವಾಗ ಪ್ರತಿ ಸಲ ಕಾಣ್ತಿದ್ದೆ. ತಾರಿ ಕಟ್ಟೆ ಮೇಲೆ ಹೂವಿನ ಬುಟ್ಟಿ ತೊಡೆ ಮೇಲಿಟ್ಟುಕೊಂಡು ಸುಮ್ನೆ ಕೂತಿರ್ತಿದ್ರು. ನಿಮ್ಗೆ ಹೇಳ್ಬೇಡ ಅಂತ ನಂಗೆ ಹೇಳಿದ್ರು.”

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಕೈಯಲ್ಲಿದ್ದ ಶೇಂಗಾ ಹಾಗೆಯೇ ಇತ್ತು. ಅಳು ಬಂತು, ಬಂತು ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಜೂನ್ ತಿಂಗಳಲ್ಲಿ ತರಬೇತಿಗೆ ಹೊರಡುವ ಮೊದಲಿನ ಶನಿವಾರ ತಾಲೀಮು ಮನೆಗೆ ಹೋದೆ. ಆರು ಗಂಟೆ ದಾಟಿತ್ತು. ಒಳಗೆ ಹೊಸಬನೊಬ್ಬ ಸಲಾಕೆ ಹೊತ್ತು ಬಸ್ಕಿ ಹೊಡೆಯುತ್ತಿದ್ದ. ಗೋಡೆಯ ಮೇಲೆ ಆ ಮೂರು ಗೀಟು, ಒಂಬತ್ತು ಚುಕ್ಕೆ ಇನ್ನೂ ಇದ್ದವು, ಯಾರೋ ಮೇಲಿಂದ ಮತ್ತೆ ಸೀಮೆಸುಣ್ಣ ಎಳೆದಿದ್ದರು. ವಸ್ತಾದರು ಈ ಸಲ ತಾರಿ ಕಟ್ಟೆಗೆ ಹೋಗಿರಲಿಲ್ಲ. ತಾಲೀಮು ಮನೆಯ ಹೊಸ್ತಿಲ ಮೇಲೆಯೇ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದರು.

ಕಾಲಿಗೆ ನಮಸ್ಕಾರ ಮಾಡಿ, ಪೂಜೆಗೆ ಹೊತ್ತಾಯಿತಲ್ಲ ಎಂದು ಕೇಳಿದೆ.

“ಮಾರುತಿ ಕಾಯ್ತಾನೆ. ಅವನೂ ಕಾಲಿನ ಬಲದವನೇ ಅಲ್ದ?” ಎಂದರು. ಆಮೇಲೆ ಒಳಗಿನ ಹೊಸಬನ ಕಡೆ ತಿರುಗಿ, “ಅವಸರ ಬೇಡ, ಇನ್ನೊಂದು ಸರದಿ ಉಂಟು,” ಎಂದು ಕೂಗಿ ಹೇಳಿದರು.